'ದಿನಾ ಬೈತಾರೆ' ಎಂದು ಶುರುವಾದ ನಾಲ್ಕು ಪುಟ

ಮ್ಯಾನೇಜರ್ ಬೈಗುಳದ ಬಗ್ಗೆ ಎಚ್‌ಆರ್‌ಗೆ ದೂರು ಬರೆಯಲು ಒಬ್ಬ ಯುವತಿ ನನ್ನ ಹತ್ತಿರ ಬಂದಿದ್ದರು, ಇದು ಅವರ ಕಥೆ. ಹೆಸರು, ತಾರೀಕು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ರಮ್ಯಾ ಅನ್ನೋಣ.

ರಮ್ಯಾಗೆ 28 ವರ್ಷ. ಬದಿಯಡ್ಕದ ಹತ್ತಿರ ಮನೆ. ಕಾಸರಗೋಡು ಪೇಟೆಯಲ್ಲಿ ಚಿನ್ನದ ಸಾಲ ಕೊಡುವ ಒಂದು ಕಂಪನಿಯ ಶಾಖೆಯಲ್ಲಿ ಕೌಂಟರ್ ಕೆಲಸ. ಜುಲೈಯ ಒಂದು ಭಾನುವಾರ ಮಧ್ಯಾಹ್ನ ನನ್ನ ಹತ್ತಿರ ಬಂದರು. ನಾನು ಮೊದಲು ಶಾಲೆಯಲ್ಲಿದ್ದವಳು, ಹಾಗಾಗಿ ಇಲ್ಲಿ ಎಲ್ಲರೂ ನನ್ನನ್ನು ಟೀಚರ್ ಅಂತಲೇ ಕರೆಯುತ್ತಾರೆ.

"ಟೀಚರೇ, ಭಾನುವಾರ ಸಂಜೆ ಆದರೆ ಸಾಕು, ಹೊಟ್ಟೆ ತೊಳೆಸಿದ ಹಾಗೆ ಆಗ್ತದೆ. ಅನ್ನ ಇಳಿಯುವುದಿಲ್ಲ" ಎಂದರು. ಬ್ಯಾಗಿನಿಂದ ನೋಟ್‌ಬುಕ್ಕಿನ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಎಚ್‌ಆರ್‌ಗೆ ಕಳಿಸಲು ಬರೆದ ದೂರು. ಮೊದಲ ಸಾಲು ಹೀಗಿತ್ತು: "ನಮ್ಮ ಮ್ಯಾನೇಜರ್ ದಿನಾ ಬೈತಾರೆ, ಅವರಿಗೆ ಮನುಷ್ಯತ್ವ ಅನ್ನುವುದೇ ಇಲ್ಲ."

ಮನೆಯಲ್ಲಿ ಎರಡು ಅಭಿಪ್ರಾಯ ಇತ್ತು. ಅಣ್ಣ ಕೆಲಸ ಬಿಡು ಅಂದಿದ್ದರು. ಅಮ್ಮ "ಎಲ್ಲ ಕಡೆಯೂ ಹೀಗೇ, ಸುಮ್ನೆ ಇರು" ಅಂದಿದ್ದರು. ರಮ್ಯಾಗೆ ಎರಡೂ ಬೇಡ. ಕೆಲಸ ಇಷ್ಟ, ಸಂಬಳ ಬೇಕು, ಬೈಗುಳ ನಿಲ್ಲಬೇಕು.

ಆ ನಾಲ್ಕು ಪುಟವನ್ನು ನಾನು ಪೂರ್ತಿ ಓದಿದೆ. ಸಿಟ್ಟು, ಅಳು, ಅವಮಾನ ಎಲ್ಲ ಅದರಲ್ಲಿತ್ತು. ಅದು ಬರೆಯಲೇಬೇಕಾದ ಕಾಗದ. "ಇದನ್ನು ಹರಿಯಬೇಡಿ, ಕಳಿಸಲೂ ಬೇಡಿ. ಇದು ನಿಮ್ಮದು. ಎಚ್‌ಆರ್‌ಗೆ ಬೇರೆ ಬರೆಯೋಣ" ಎಂದೆ.

ಮೊದಲು ಒಂದು ವಿಷಯ ನೇರವಾಗಿ ಕೇಳಿದೆ. ಮೈ ಮುಟ್ಟುವುದು, ಉಡುಪಿನ ಬಗ್ಗೆ, ದೇಹದ ಬಗ್ಗೆ ಮಾತು, ಬೇರೆ ಅರ್ಥ ಬರುವ ಮೆಸೇಜು, ಇಂಥದ್ದೇನಾದರೂ ಇದೆಯಾ? ಇದ್ದರೆ ದಾರಿಯೇ ಬೇರೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆ ದೂರು ಕಂಪನಿಯ ಆಂತರಿಕ ಸಮಿತಿಗೆ ಲಿಖಿತವಾಗಿ ಹೋಗಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಹಲವು ಸಲ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಹತ್ತಕ್ಕಿಂತ ಕಡಿಮೆ ಜನರಿದ್ದು ಸಮಿತಿ ಇಲ್ಲದ ಕಡೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ರಮ್ಯಾ ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ ಟೀಚರೇ, ಅಂಥದ್ದಿಲ್ಲ. ಗಂಡಸರಿಗೂ ಹೀಗೇ ಬೈತಾರೆ" ಎಂದರು. ಹಾಗಾದರೆ ಇದು ಎಚ್‌ಆರ್‌ಗೇ ಹೋಗಬೇಕಾದ ದೂರು.

ಆಮೇಲೆ 'ದಿನಾ' ಎಂಬ ಶಬ್ದ ಹಿಡಿದುಕೊಂಡೆವು. ದಿನಾ ಬೈತಾರೆ ಅಂತ ಬರೆದರೆ, ಬೈಯದ ಒಂದೇ ಒಂದು ದಿನ ತೋರಿಸಿದರೂ ಇಡೀ ದೂರು ಸಡಿಲವಾಗುತ್ತದೆ. ಹಾಳೆಯಲ್ಲಿ ಮೂರು ಕಂಬ ಎಳೆದೆವು: ಯಾವತ್ತು, ಏನು ನಡೆಯಿತು, ಯಾರಿದ್ದರು. ಒಂದು ಗಂಟೆ ಕೂತ ಮೇಲೆ ನಾಲ್ಕು ಘಟನೆ ಸಿಕ್ಕಿತು. ರಮ್ಯಾ ಮುಖ ಸಣ್ಣದಾಯಿತು. "ಇಷ್ಟೇನಾ? ನಾನು ಸುಮ್ನೆ ದೊಡ್ಡದು ಮಾಡ್ತಿದ್ದೇನಾ?" ಎಂದು ಕೇಳಿದರು. ಇಲ್ಲ. ಐದು ವಾರದಲ್ಲಿ ತಾರೀಕು ಸಮೇತ ನಾಲ್ಕು ಸಲ ಅನ್ನುವುದು ಸಣ್ಣ ಮಾತಲ್ಲ. ದಿನಾ ಅನ್ನಿಸುವುದು ಯಾಕೆಂದರೆ ಉಳಿದ ದಿನಗಳೆಲ್ಲ 'ಇವತ್ತು ಬೈತಾರೋ' ಎಂಬ ಹೆದರಿಕೆಯಲ್ಲೇ ಕಳೆಯುತ್ತವೆ. ಆ ಹೆದರಿಕೆ ನಿಜ, ಅದಕ್ಕೆ ನನ್ನ ಹತ್ತಿರ ಜಾಗ ಇದೆ. ಎಚ್‌ಆರ್ ವಿಚಾರಿಸಬಹುದಾದದ್ದು ನಡೆದ ಸಂಗತಿಯನ್ನು ಮಾತ್ರ.

ತಾರೀಕು ಹುಡುಕಿದ್ದು ಹೇಗೆ ಅಂತ ಹೇಳಬೇಕು, ಬಹಳ ಜನ ಇಲ್ಲೇ ಸೋಲುತ್ತಾರೆ. ಮೊದಲ ಘಟನೆ ಯಾವತ್ತು ಅಂತ ರಮ್ಯಾಗೆ ನೆನಪಿರಲಿಲ್ಲ. "ಅವತ್ತು ಸಂಜೆ ಅತ್ತಿಗೆಯ ಸೀಮಂತಕ್ಕೆ ಸೀರೆ ತೆಗೆಯಲು ಹೋಗಿದ್ದೆ, ಅಂಗಡಿಯಲ್ಲೂ ಅಳು ಬರ್ತಿತ್ತು" ಎಂದರು. ಮೊಬೈಲಿನಲ್ಲಿ ಜಿಪೇ ತೆರೆದರು. ಸೀರೆ ಅಂಗಡಿಗೆ ದುಡ್ಡು ಹೋದದ್ದು ಜೂನ್ 3, ಸಂಜೆ 6.20. ಇನ್ನೊಂದು ಘಟನೆ ವಾಟ್ಸಾಪ್‌ನಲ್ಲೇ ಇತ್ತು. ಏನು ಮಾಡಿದರೂ ತಾರೀಕು ಸಿಗದಿದ್ದರೆ 'ಜೂನ್ ಮೊದಲ ವಾರ, ದಿನ ಖಚಿತವಿಲ್ಲ' ಅಂತ ಬರೆದರಾಯಿತು. ಅಂದಾಜಿಗೆ ಒಂದು ತಾರೀಕು ಹಾಕಿ, ಅವತ್ತು ಮ್ಯಾನೇಜರ್ ರಜೆಯಲ್ಲಿದ್ದರು ಅಂತ ಆದರೆ ಉಳಿದ ಮೂರು ಘಟನೆಯನ್ನೂ ಯಾರೂ ನಂಬುವುದಿಲ್ಲ.

ನಂತರ ಬಂದದ್ದು ಭಾಷೆಯ ತೊಡಕು. ನಮ್ಮ ಗಡಿಯಲ್ಲಿ ಇದು ಜಾಸ್ತಿ. ರಮ್ಯಾ ಯೋಚಿಸುವುದು ಕನ್ನಡದಲ್ಲಿ, ಮ್ಯಾನೇಜರ್ ಬೈಯುವುದು ಮಲಯಾಳದಲ್ಲಿ, ಎಚ್‌ಆರ್ ಇರುವುದು ದೂರದ ಕಚೇರಿಯಲ್ಲಿ, ಅವರಿಗೆ ಇಂಗ್ಲಿಷ್ ಬೇಕು. 'ಬೈದರು' ಅನ್ನುವುದನ್ನು ರಮ್ಯಾ 'ಅಬ್ಯೂಸ್' ಅಂತ ಮಾಡಿಕೊಂಡಿದ್ದರು. ನಮಗೆ ಅಮ್ಮ ಬೈದರೂ ಬೈದದ್ದೇ, ಕೆಟ್ಟ ಮಾತು ಆಡಿದರೂ ಬೈದದ್ದೇ. ಇಂಗ್ಲಿಷಿನ ಆ ಶಬ್ದ ಓದಿದವರು ಕೊಳಕು ಬೈಗುಳವನ್ನೋ ಹಲ್ಲೆಯನ್ನೋ ಊಹಿಸುತ್ತಾರೆ. ಆಮೇಲೆ ನಿಜ ಗೊತ್ತಾದಾಗ 'ಓ, ಇಷ್ಟೇನಾ' ಅನ್ನುತ್ತಾರೆ. ಹಾಗಾಗಿ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆದು, ಪಕ್ಕದಲ್ಲಿ ಅರ್ಥ ಕೊಡಿ ಎಂದೆ. "ನಿನಕ್ಕ್ ತಲಯಿಲ್ ಒನ್ನುಮಿಲ್ಲೇ?" ಅಂದರೆ 'ನಿನ್ನ ತಲೆಯಲ್ಲಿ ಏನೂ ಇಲ್ವಾ?' ಅಂತ. ಇದಕ್ಕೆ ವಿಶೇಷಣ ಬೇಡ. ಗಿರಾಕಿಗಳ ಎದುರು ಹೇಳಿದ್ದು ಎಂದು ಸೇರಿಸಿದರೆ ಓದಿದವರಿಗೆ ಅರ್ಥವಾಗುತ್ತದೆ.

ಮಾತನ್ನು ಏರಿಸಬಾರದು ಅಂದ ಹಾಗೆ ಇಳಿಸಲೂಬಾರದು. ಎರಡನೇ ಸಲ ಬರೆದಾಗ ರಮ್ಯಾ "ಸ್ವಲ್ಪ ಜೋರಾಗಿ ಮಾತಾಡಿದರು" ಅಂತ ಮೆತ್ತಗೆ ಮಾಡಿದ್ದರು. ಸ್ವಲ್ಪ ಎಷ್ಟು? ಹೊರಗಿನ ಬೆಂಚಿನವರೆಗೆ ಕೇಳಿಸಿತಾ? ಕೇಳಿಸಿತು, ಅಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಹಾಗಾದರೆ ಅದನ್ನೇ ಬರೆಯಿರಿ ಎಂದೆ. 'ನನ್ನನ್ನು ಓಡಿಸಲು ನೋಡ್ತಿದ್ದಾರೆ' ಎಂಬ ಸಾಲು ತೆಗೆಸಿದೆ. ಅದು ಊಹೆ. ಮ್ಯಾನೇಜರ್ ಮನಸ್ಸಿನಲ್ಲಿ ಏನಿದೆ ಅಂತ ನಾವು ಹೇಳಲು ಹೋದರೆ ವಾದ ಅಲ್ಲಿಗೇ ತಿರುಗುತ್ತದೆ.

ಜೂನ್ 29ರ ಘಟನೆ ಹೇಳುವಾಗ ರಮ್ಯಾ ಯಾಕೋ ತಡವರಿಸಿದರು. ಕೆದಕಿದಾಗ ಹೊರಬಂತು. ಅವತ್ತು ಅಡವಿಟ್ಟ ಬಳೆಯ ತೂಕವನ್ನು 12.4 ಗ್ರಾಂ ಬದಲು 14.2 ಅಂತ ಹಾಕಿದ್ದರು. ದುಡ್ಡು ಕೊಡುವ ಮೊದಲೇ ತಪ್ಪು ಕಂಡು ಸರಿ ಮಾಡಿದ್ದರು. ಬೈದದ್ದು ಅದಕ್ಕೇ. ದೂರಿನಲ್ಲಿ ಇದನ್ನು ಬಿಟ್ಟಿದ್ದರು. ಬಿಡಬೇಡಿ ಎಂದೆ. ಎಚ್‌ಆರ್ ಮ್ಯಾನೇಜರನ್ನು ಕೇಳಿದ ಕೂಡಲೇ ಅವರು ಮೊದಲು ಹೇಳುವುದೇ ಇದನ್ನು. ನಾವೇ ಬರೆದಿದ್ದರೆ ಪ್ರಶ್ನೆ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ: ತಪ್ಪಾಯಿತು, ಸರಿಯಾಯಿತು, ಅದನ್ನು ಗಿರಾಕಿ ಎದುರು ಈ ರೀತಿ ಹೇಳಬೇಕಿತ್ತಾ?

ಆ ಎಂಟ್ರಿಯ ಸ್ಕ್ರೀನನ್ನು ಮೊಬೈಲಿನಲ್ಲಿ ಫೋಟೋ ಹೊಡೆದಿದ್ದರು, ದೂರಿಗೆ ಲಗತ್ತಿಸಲು. ಅದು ಬೇಡ ಎಂದೆ. ಅದರಲ್ಲಿ ಗಿರಾಕಿಯ ಹೆಸರು, ಸಾಲದ ನಂಬರು ಇದೆ. ಕಂಪನಿಯ ದಾಖಲೆ ಹೊರಗೆ ತೆಗೆದಿರಿ ಅಂತ ರಮ್ಯಾ ಮೇಲೆಯೇ ಕ್ರಮ ಬರಬಹುದು. ದಿನ, ಹೊತ್ತು ಬರೆದರೆ ಸಾಕು, ಎಂಟ್ರಿ ಅವರ ಸಿಸ್ಟಮ್‌ನಲ್ಲೇ ಇರುತ್ತದೆ. ತನಗೇ ಬಂದ ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಲಗತ್ತಿಸಬಹುದು, ತಾರೀಕು, ಹೊತ್ತು ಕಾಣುವ ಹಾಗೆ. ಮೂಲ ಚಾಟ್ ಅಳಿಸಬಾರದು. ಸಿಸಿಟಿವಿ ದೃಶ್ಯದ ಮೇಲೆ ಕೆಲವು ದಿನಗಳಲ್ಲಿ ಹೊಸದು ಬಂದು ಕೂರುತ್ತದೆ, ಆದ್ದರಿಂದ ತೆಗೆದಿಡಿ ಅಂತ ಕೇಳಲು ತಡಮಾಡಬಾರದು.

ಕೊನೆಗೆ, ಏನು ಬೇಕು? "ಅವರನ್ನು ಇಲ್ಲಿಂದ ತೆಗೀಬೇಕು" ಎಂದರು. ಆಸೆ ಸಹಜ. ಆದರೆ ಶಿಕ್ಷೆ ಏನು ಅಂತ ತೀರ್ಮಾನಿಸುವುದು ಕಂಪನಿ. ಅದನ್ನೇ ಕೇಳಿದರೆ ಹೌದು ಅಥವಾ ಇಲ್ಲ, ಎರಡೇ ಉತ್ತರ. ಸೋಮವಾರ ಬೆಳಿಗ್ಗೆ ಶಾಖೆಗೆ ಕಾಲಿಡುವಾಗ ಏನು ಬದಲಾಗಿದ್ದರೆ ಹೊಟ್ಟೆ ತೊಳೆಸುವುದಿಲ್ಲ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: "ತಪ್ಪಿದ್ದರೆ ಒಳಗೆ ಕರೆದು ಹೇಳಲಿ. ರಾತ್ರಿ ಮೆಸೇಜ್ ಬೇಡ. ಜುಲೈ 8ಕ್ಕೆ ಮನೆಗೆ ಕಳಿಸಿದ್ದರಲ್ಲ, ಆ ಅರ್ಧ ದಿನದ ಸಂಬಳ ಕೊಡಲಿ." ಇದೇ ದೂರಿನ ಕೊನೆಯ ಭಾಗ ಆಯಿತು.

ಕನ್ನಡದಲ್ಲಿ ಸಿದ್ಧವಾದದ್ದು ಇದು. ಇದನ್ನೇ ಇಂಗ್ಲಿಷ್ ಮಾಡಿ ಕಳಿಸಿದರು.

"ವಿಷಯ: ಶಾಖೆಯಲ್ಲಿ ನಡವಳಿಕೆ ಬಗ್ಗೆ ದೂರು, ಜೂನ್ 3ರಿಂದ ಜುಲೈ 8.

ಜೂನ್ 3, ಮಧ್ಯಾಹ್ನ ಸುಮಾರು 3 ಗಂಟೆ. ಗಿರಾಕಿಗೆ ರಶೀದಿ ಕೊಡಲು ತಡವಾಯಿತೆಂದು ಮ್ಯಾನೇಜರ್ ನನ್ನ ಕೈಯಿಂದ ರಶೀದಿ ಪುಸ್ತಕ ಎಳೆದು ಮೇಜಿಗೆ ಹೊಡೆದರು. ಪಕ್ಕದ ಕೌಂಟರಿನ ಸಹೋದ್ಯೋಗಿ ಇದ್ದರು.

ಜೂನ್ 20, ರಾತ್ರಿ 10.47. 'ನಾಳೆ ಪಟ್ಟಿ ಸರಿ ಇಲ್ಲದಿದ್ದರೆ ಬರಬೇಡ' ಎಂಬ ಅರ್ಥದ ಮೆಸೇಜ್ ಬಂತು. ಸ್ಕ್ರೀನ್‌ಶಾಟ್ ಇದೆ.

ಜೂನ್ 29, ಬೆಳಿಗ್ಗೆ ಸುಮಾರು 11. ನಾನು ತೂಕ ತಪ್ಪಾಗಿ ನಮೂದಿಸಿದ್ದೆ, ಹಣ ಕೊಡುವ ಮೊದಲು ಸರಿಪಡಿಸಿದೆ. ಮ್ಯಾನೇಜರ್ ಕೌಂಟರಿನಲ್ಲಿ 'ನಿನಕ್ಕ್ ತಲಯಿಲ್ ಒನ್ನುಮಿಲ್ಲೇ?' (ನಿನ್ನ ತಲೆಯಲ್ಲಿ ಏನೂ ಇಲ್ಲವೇ?) ಎಂದು ಕೂಗಿದರು. ಬೆಂಚಿನಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು.

ಜುಲೈ 8, ಬೆಳಿಗ್ಗೆ 11.30. ಪಟ್ಟಿ ತಡವಾಯಿತೆಂದು ಮನೆಗೆ ಹೋಗಲು ಹೇಳಿದರು. ಹಾಜರಿಯಲ್ಲಿ ಅರ್ಧ ದಿನ ಸಂಬಳವಿಲ್ಲದ ರಜೆ ಎಂದು ಬಂದಿದೆ. ನಾನು ರಜೆ ಕೇಳಿರಲಿಲ್ಲ.

ನನ್ನ ವಿನಂತಿ: ಜೂನ್ 29 ಮತ್ತು ಜುಲೈ 8ರ ಸಿಸಿಟಿವಿ ದೃಶ್ಯ ತೆಗೆದಿಡಬೇಕು. ಕೆಲಸದ ತಪ್ಪುಗಳನ್ನು ಗಿರಾಕಿಗಳ ಎದುರು ಹೇಳದಂತೆ, ಕೆಲಸದ ಹೊತ್ತು ಮುಗಿದ ಮೇಲೆ ಇಂಥ ಮೆಸೇಜ್ ಕಳಿಸದಂತೆ ಸೂಚಿಸಬೇಕು. ಜುಲೈ 8ರ ಹಾಜರಿ ಸರಿಪಡಿಸಬೇಕು. ನನ್ನೊಡನೆ ಮಾತಾಡುವುದಾದರೆ ಶಾಖೆಯ ಹೊರಗೆ, ಮಲಯಾಳ ಅಥವಾ ಕನ್ನಡದಲ್ಲಿ ಆದರೆ ಅನುಕೂಲ. ಇದನ್ನು ಯಾರು ನೋಡುತ್ತಾರೆ, ಯಾವಾಗ ಉತ್ತರ ಬರಬಹುದು ಎಂದು ಜುಲೈ 22ರೊಳಗೆ ತಿಳಿಸಬೇಕು."

ಸಹೋದ್ಯೋಗಿಯ ವಿಷಯ ಬರೆಯುವ ಮೊದಲು ಅವರಿಗೆ ಹೇಳಿ ಎಂದಿದ್ದೆ. ಅವರು ಒಪ್ಪಿದರು. 'ಅವರಿಗೂ ಬೇಜಾರಾಗಿದೆ' ಅಂತ ಅವರ ಪರವಾಗಿ ಏನೂ ಬರೆಯಲಿಲ್ಲ. ಅವರು ಅಲ್ಲಿದ್ದರು, ಅಷ್ಟೇ. ಇನ್ನೊಂದು ಎಚ್ಚರಿಕೆ ಕೊಟ್ಟೆ: ವಿಚಾರಿಸಬೇಕಾದರೆ ಎಚ್‌ಆರ್ ಮ್ಯಾನೇಜರಿಗೆ ಹೇಳಲೇಬೇಕಾಗುತ್ತದೆ. ಗುಟ್ಟಾಗಿಯೇ ಇರುತ್ತದೆ ಅಂದುಕೊಂಡು ಕಳಿಸಬೇಡಿ. ಇದನ್ನು ಕೇಳಿ ರಮ್ಯಾ ಎರಡು ದಿನ ತಗೊಂಡರು. ಆಮೇಲೆ ಕಳಿಸಿದರು.

ನಾಲ್ಕನೇ ದಿನ ಎಚ್‌ಆರ್‌ನಿಂದ ಫೋನ್ ಬಂತು. ಇಪ್ಪತ್ತು ನಿಮಿಷ ಮಾತು. ನಾನು ಮೊದಲೇ ಹೇಳಿದ ಹಾಗೆ ಅವತ್ತೇ ಸಂಜೆ ರಮ್ಯಾ ಮೂರು ಸಾಲಿನ ಮೇಲ್ ಹಾಕಿದರು: ಇವತ್ತು ಇಂಥ ವಿಷಯ ಮಾತಾಡಿದೆವು, ನೀವು ಹೀಗೆ ಮಾಡುತ್ತೇವೆ ಎಂದಿರಿ, ತಪ್ಪಿದ್ದರೆ ತಿಳಿಸಿ. ಫೋನಿನಲ್ಲಿ ಆಡಿದ ಮಾತಿಗೆ ಹೀಗೆ ಒಂದು ಕಾಗದ ಇರುತ್ತದೆ.

ಆಗಸ್ಟಿನ ಸಂಬಳದಲ್ಲಿ ಅರ್ಧ ದಿನದ ದುಡ್ಡು ಬಂತು. ರಾತ್ರಿಯ ಮೆಸೇಜ್ ನಿಂತಿತು. ಮ್ಯಾನೇಜರಿಗೆ ಏನು ಹೇಳಿದರು ಅಂತ ಎಚ್‌ಆರ್ ತಿಳಿಸಲಿಲ್ಲ, ರಮ್ಯಾಗೆ ಅದು ಬೇಜಾರು. ಈಗ ಮ್ಯಾನೇಜರ್ ಮಾತೇ ಆಡುವುದಿಲ್ಲ, ಎರಡು ವಾರದಿಂದ ಶನಿವಾರ ಬಾಗಿಲು ಹಾಕುವ ಕೆಲಸ ರಮ್ಯಾಗೇ ಬರುತ್ತಿದೆಯಂತೆ. ಅದು ಬೇಕೆಂದೇ ಮಾಡಿದ್ದೋ ಪಾಳಿಯೋ ಇನ್ನೂ ಗೊತ್ತಿಲ್ಲ. ಹಳೇ ಪಾಳಿಪಟ್ಟಿ ನೋಡಿ ಹೋಲಿಸಿ ಎಂದಿದ್ದೇನೆ. ಕಳೆದ ಸಲ ಬಂದಾಗ ಅದೇ ನೋಟ್‌ಬುಕ್ ತಂದಿದ್ದರು. ಮೂರು ಕಂಬದ ಹಾಳೆಯಲ್ಲಿ ಹೊಸದಾಗಿ ಎರಡು ಸಾಲು ಇತ್ತು: ಆಗಸ್ಟ್ 10, ಆಗಸ್ಟ್ 17, ಬಾಗಿಲು ಹಾಕಿದ್ದು ನಾನು.