ಅಡಚಣೆಯನ್ನು ಯಾವ ತಾರೀಖಿಗೆ ಹೇಳಬೇಕು?

ಪ್ರಶ್ನೆ: ನಮ್ಮ ಕೆಲಸ ಬೇರೆ ಮೂರು ಟೀಮ್‌ಗಳ ಕೆಲಸವನ್ನು ನೆಚ್ಚಿಕೊಂಡಿದೆ. ಎಲ್ಲವನ್ನೂ ಜಿರಾದಲ್ಲಿ ಲಿಂಕ್ ಮಾಡಿದ್ದೇವೆ, ವಾರಕ್ಕೊಂದು ಮೀಟಿಂಗೂ ಇದೆ. ಆದರೂ ಅಡಚಣೆ ಗೊತ್ತಾಗುವುದು ಕೊನೇ ವಾರದಲ್ಲೇ. ಮೊದಲೇ ಹಿಡಿಯುವುದು ಹೇಗೆ?

ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ಲಿಂಕ್ ಹೇಳುತ್ತದೆ. ಎಲ್ಲಿಯವರೆಗೆ ಕಾಯಬಹುದು ಎಂಬುದನ್ನು ಅದು ಹೇಳುವುದಿಲ್ಲ. ನಾನು ಈ ಪಾಠ ಕಲಿತದ್ದು ಒಂದು ರಿಲೀಸ್ ತಪ್ಪಿಹೋದ ಮೇಲೆ. ಅದರ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ.

ನಮ್ಮ ಆರ್ಡರ್ ಪುಟದಲ್ಲಿ ರೀಫಂಡ್ ಎಲ್ಲಿಗೆ ಬಂತು ಎಂದು ತೋರಿಸಬೇಕಿತ್ತು. ಅದಕ್ಕೆ ಬೇಕಾದ ಎಪಿಐ ಕೊಡಬೇಕಾದವರು ಪೇಮೆಂಟ್ ಟೀಮಿನವರು. ರಿಲೀಸ್ 26ನೇ ತಾರೀಖು, ಶುಕ್ರವಾರ. ಟೆಸ್ಟಿಂಗ್‌ಗೆ ಐದು ದಿನ, ಅದಕ್ಕೂ ಮುಂಚೆ ಎಪಿಐ ಜೋಡಿಸಲು ನಾಲ್ಕು ದಿನ ಬೇಕು. ಶನಿವಾರ, ಭಾನುವಾರ ಬಿಟ್ಟು ಹಿಂದಕ್ಕೆ ಎಣಿಸಿದರೆ ಟೆಸ್ಟಿಂಗ್ 19ಕ್ಕೆ ಶುರುವಾಗಬೇಕು, ಜೋಡಣೆ 15ಕ್ಕೆ. ಅಂದರೆ 12ರ ಸಂಜೆಗೆ ಎಪಿಐ ನಮ್ಮ ಕೈಯಲ್ಲಿರಬೇಕು. ಅವರು ಹೇಳಿದ್ದು "15ರ ವಾರದಲ್ಲಿ ಕೊಡ್ತೀವಿ" ಅಂತ. ನಾವು ಅದನ್ನು 15ರ ಬೆಳಿಗ್ಗೆ ಎಂದುಕೊಂಡೆವು, ಅವರ ಮನಸ್ಸಿನಲ್ಲಿದ್ದದ್ದು 19ರ ಸಂಜೆ. ಮಾತು ಕೊಟ್ಟ ದಿನವೇ ನಮ್ಮ ಕೆಲಸ ಒಂದು ವಾರ ಹಿಂದೆ ಬಿದ್ದಿತ್ತು. ಬೋರ್ಡಿನಲ್ಲಿ ಮಾತ್ರ ಎಲ್ಲವೂ ಹಸಿರಾಗಿಯೇ ಇತ್ತು, ಯಾಕೆಂದರೆ ಯಾರೂ ಇನ್ನೂ ಕೈ ಕಟ್ಟಿ ಕೂತಿರಲಿಲ್ಲ.

ಆದ್ದರಿಂದ ಈಗ ಪ್ರತಿಯೊಂದು ಅವಲಂಬನೆಗೂ ಎರಡು ತಾರೀಖು ಬರೆಸುತ್ತೇನೆ: ನಮಗೆ ಬೇಕಾದ ದಿನ, ಅವರು ಒಪ್ಪಿದ ದಿನ. ವಾರ, ತಿಂಗಳಾಂತ್ಯ, ಸ್ಪ್ರಿಂಟ್ ಕೊನೆ ಇವು ಯಾವುವೂ ನಡೆಯುವುದಿಲ್ಲ, ತಾರೀಖೇ ಆಗಬೇಕು. ಜೊತೆಗೆ "ಕೊಡುವುದು" ಅಂದರೆ ಏನು ಎಂಬುದೂ ಬೇಕು. ಅವರ ಪಾಲಿಗೆ ಕೋಡ್ ಮರ್ಜ್ ಆದರೆ ಕೆಲಸ ಮುಗಿಯಿತು, ನಮ್ಮ ಪಾಲಿಗೆ ಟೆಸ್ಟ್ ಸರ್ವರಿನಲ್ಲಿ ಕರೆದಾಗ ಉತ್ತರ ಬಂದರೆ ಮಾತ್ರ ಶುರು. ಒಪ್ಪಿದ ದಿನ ಬೇಕಾದ ದಿನವನ್ನು ದಾಟಿದ ಕ್ಷಣದಿಂದಲೇ ಆ ಕೆಲಸವನ್ನು ತಡೆಬಿದ್ದದ್ದು ಎಂದು ಗುರುತು ಹಾಕುತ್ತೇನೆ.

ಮೂರನೆಯ ತಾರೀಖೊಂದಿದೆ: ತೀರ್ಮಾನದ ದಿನ. ಹೆಚ್ಚಿನವರು ಬಿಡುವುದು ಇದನ್ನೇ. ಎಪಿಐ ಬರದಿದ್ದರೆ ನಮಗೆ ಇನ್ನೊಂದು ದಾರಿ ಇತ್ತು: ಪೇಮೆಂಟ್‌ನವರು ದಿನಾ ರಾತ್ರಿ ಕಳಿಸುವ ಫೈಲನ್ನೇ ಓದಿ ತೋರಿಸುವುದು. ಮಾಹಿತಿ ಒಂದು ದಿನ ಹಳೆಯದಾಗುತ್ತಿತ್ತು, ಆದರೆ ರಿಲೀಸ್ ನಿಲ್ಲುತ್ತಿರಲಿಲ್ಲ. ಅದಕ್ಕೆ ಆರು ದಿನದ ಕೆಲಸ. 19ಕ್ಕೆ ಟೆಸ್ಟಿಂಗ್ ಶುರುವಾಗಬೇಕಾದರೆ 11ಕ್ಕೇ ಕೈಹಾಕಬೇಕು, ಅಂದರೆ 10ರೊಳಗೆ ತೀರ್ಮಾನ ಆಗಬೇಕು. ಎಪಿಐ ಬೇಕಾದ ದಿನಕ್ಕಿಂತ ಎರಡು ದಿನ ಮೊದಲೇ ಬದಲಿ ದಾರಿಯ ಬಾಗಿಲು ಮುಚ್ಚುತ್ತದೆ. ನಾವು ಬಾಯಿ ಬಿಟ್ಟದ್ದು 18ಕ್ಕೆ. ಅಷ್ಟು ಹೊತ್ತಿಗೆ ಮ್ಯಾನೇಜರ್ ಮುಂದೆ ಆಯ್ಕೆಯೇ ಉಳಿದಿರಲಿಲ್ಲ, ಸುದ್ದಿ ಕೇಳಿಸಿಕೊಳ್ಳುವುದಷ್ಟೇ ಉಳಿದಿತ್ತು.

ತೀರ್ಮಾನದ ದಿನಕ್ಕೆ ಐದು ಕೆಲಸದ ದಿನ ಮುಂಚೆ, ಈ ಲೆಕ್ಕದಲ್ಲಿ 3ಕ್ಕೆ, ನಾನು ಎದುರು ಟೀಮಿನ ಲೀಡ್‌ಗೆ ಫೋನ್ ಮಾಡುತ್ತೇನೆ. "ಹೇಗೆ ನಡೀತಿದೆ" ಎಂದು ಕೇಳಿದರೆ "ನಡೀತಿದೆ" ಎಂದೇ ಉತ್ತರ ಬರುತ್ತದೆ. ಅದರ ಬದಲು, ಟಿಕೆಟ್ ಯಾರ ಹೆಸರಿನಲ್ಲಿದೆ, ಈ ಸ್ಪ್ರಿಂಟಿನಲ್ಲಿ ಇದೆಯೇ, ಎಪಿಐ ಕೊಡುವ ಉತ್ತರದ ಮಾದರಿಯನ್ನು ಇವತ್ತೇ ಕಳಿಸಬಹುದೇ ಎಂದು ಕೇಳಿ. ಮಾದರಿ ಬಂದರೆ ನಾವು ಹುಸಿ ಡೇಟಾ ಇಟ್ಟುಕೊಂಡು ಜೋಡಣೆ ಶುರುಮಾಡಬಹುದು. ಟಿಕೆಟ್‌ಗೆ ಇನ್ನೂ ಯಾರ ಹೆಸರೂ ಇಲ್ಲದಿದ್ದರೆ ಒಪ್ಪಿದ ತಾರೀಖನ್ನು ನಾನು ನಂಬುವುದಿಲ್ಲ.

ಅಲ್ಲಿ ಬಗೆಹರಿಯದಿದ್ದರೆ ಅದೇ ದಿನ ಎರಡೂ ಕಡೆಯ ಮ್ಯಾನೇಜರ್‌ಗಳಿಗೆ ಒಂದೇ ಮೆಸೇಜ್, ಲೀಡ್‌ಗೆ ತಿಳಿಸಿಯೇ: "ರೀಫಂಡ್ ಎಪಿಐ ನಮಗೆ 12ಕ್ಕೆ ಬೇಕು, ಈಗಿನ ಯೋಜನೆಯಂತೆ ಬರುವುದು 19ಕ್ಕೆ. ಎಪಿಐ 12ಕ್ಕೇ ತರಿಸಬೇಕೇ, ರಾತ್ರಿಯ ಫೈಲ್ ಬಳಸಬೇಕೇ, ರಿಲೀಸ್ ಮುಂದೂಡಬೇಕೇ ಎಂದು 10ರೊಳಗೆ ತೀರ್ಮಾನ ಬೇಕು." ಇದರಲ್ಲಿ ಯಾರ ತಪ್ಪು ಎಂಬ ಮಾತು ಬರಬಾರದು. ಪೇಮೆಂಟ್‌ನವರಿಗೆ ಇದಕ್ಕಿಂತ ತುರ್ತಿನ ಕೆಲಸ ನಿಜಕ್ಕೂ ಇರಬಹುದು, ಅದನ್ನು ತೂಗಿ ನೋಡಬೇಕಾದವರು ಮೇಲಿನವರು.

ಜಿರಾದಲ್ಲಿ ಪಟ್ಟಿ ತೆಗೆಯಲು ಇದು ಸಾಕು:

```
issueLinkType = "is blocked by" AND statusCategory != Done ORDER BY due ASC
```

ಆದರೆ ಇದು ತಡೆ ಆಗಲೇ ನಿವಾರಣೆಯಾದ ಟಿಕೆಟ್‌ಗಳನ್ನೂ ತೋರಿಸುತ್ತದೆ. ಎರಡು ಟಿಕೆಟ್‌ಗಳ ತಾರೀಖುಗಳನ್ನು ಒಂದಕ್ಕೊಂದು ಹೋಲಿಸಿಯೂ ನೋಡುವುದಿಲ್ಲ. ಹಾಗಾಗಿ ಮೂರೂ ತಾರೀಖುಗಳನ್ನು ನಮ್ಮ ಟಿಕೆಟ್‌ನಲ್ಲೇ ಬೇರೆ ಬೇರೆ ಫೀಲ್ಡ್‌ಗಳಾಗಿ ಇಟ್ಟು, ತೀರ್ಮಾನದ ದಿನ ಹತ್ತಿರವಿರುವುದು ಮೇಲೆ ಬರುವಂತೆ ಜೋಡಿಸಿಕೊಂಡಿದ್ದೇನೆ. ನಿಮ್ಮ ವಾರದ ಮೀಟಿಂಗಿನಲ್ಲಿ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಬೇಡಿ. ಮುಂದಿನ ಎರಡು ವಾರದೊಳಗೆ ತೀರ್ಮಾನದ ದಿನ ಬರುವ ನಾಲ್ಕೈದನ್ನು ಮಾತ್ರ ತೆರೆದು, ಕಳೆದ ವಾರ ಒಪ್ಪಿದ ತಾರೀಖು ಈ ವಾರವೂ ಅದೇ ಇದೆಯೇ ನೋಡಿ. ಎರಡು ಸಲ ಮುಂದೆ ಹೋಗಿದ್ದರೆ ಮೂರನೆಯ ಸಲ ಹೊಸ ತಾರೀಖು ಬರೆದುಕೊಳ್ಳದೆ ನೇರವಾಗಿ ಮ್ಯಾನೇಜರ್‌ಗಳಿಗೆ ಆ ಮೆಸೇಜ್ ಕಳಿಸಿ.