ರಾಫ್ಟ್ ಮಧ್ಯರಾತ್ರಿ ನಿಂತರೆ ಮೊದಲು ನೋಡಬೇಕಾದ್ದು ಪಂಪ್ ಅಲ್ಲ

ಪ್ರಶ್ನೆ: ಸಿವಿಲ್ ಮುಗಿಸಿ ಈಗಷ್ಟೇ ಸೈಟಿಗೆ ಸೇರಿದ್ದೇನೆ. ಮುಂದಿನ ವಾರ ರಾತ್ರಿ ಪಾಳಿಯಲ್ಲಿ ರಾಫ್ಟ್ ಅಡಿಪಾಯದ ಕಾಂಕ್ರೀಟ್ ಇದೆ, ನಡುವೆ ನಿಲ್ಲಿಸುವಂತಿಲ್ಲ ಅಂತಾರೆ. ಪಂಪ್ ಕೆಟ್ಟರೆ ಏನು ಮಾಡ್ತೀರಿ? ಯಾರಾದರೂ ಅನುಭವಿಸಿದ್ದೀರಾ?

ಉತ್ತರ: ನನ್ನ ಮೊದಲ ರಾತ್ರಿ ಪಾಳಿಯಲ್ಲೇ ಆಯ್ತು, ಹುಬ್ಬಳ್ಳಿಯಲ್ಲಿ. ಎರಿ ಮಣ್ಣಿನ ಜಾಗ, ಹಾಗಾಗಿ 14 ಮೀಟರ್ ಅಗಲ, 900 ಮಿ.ಮೀ. ದಪ್ಪದ ರಾಫ್ಟ್, ಒಟ್ಟು 180 ಘನಮೀಟರ್. ಸುಮಾರು 110 ಆಗಿತ್ತು. ರಾತ್ರಿ ಒಂದೂಕಾಲಕ್ಕೆ ಪಂಪ್ ನಿಂತಿತು.

ಪೈಪ್ ಕಟ್ಟಿಕೊಂಡಿದೆ ಅಂತ ಎಲ್ಲರೂ ಸುತ್ತಿಗೆ ಹಿಡಿದು ಹೊರಟರು. ಆಪರೇಟರ್ ಮಾತ್ರ ಗೇಜ್ ತೋರಿಸಿದ: "ಪೈಪ್ ಕಟ್ಟಿದ್ರ ಮುಳ್ಳು ಮ್ಯಾಲೆ ಹೋಗಬೇಕ್ರೀ ಸಾಹೇಬ್ರ, ಇದು ಏಳವಲ್ದು." ಬಗ್ಗಿ ನೋಡಿದರೆ ಹೈಡ್ರಾಲಿಕ್ ಹೋಸ್ ಸೀಳಿ ಎಣ್ಣೆ ಸುರೀತಿತ್ತು. ಕಟ್ಟಿಕೊಂಡಿದ್ದರೆ ರಿವರ್ಸ್ ಹೊಡೆದು, ಬೆಂಡು, ರಿಡ್ಯೂಸರ್ ತಟ್ಟಿ ನೋಡಿ ಅರ್ಧ ಗಂಟೆಯಲ್ಲಿ ಬಿಡಿಸಬಹುದಿತ್ತು. ಹೋಸ್ ಬೇರೆ ಸೈಟಿನಿಂದ ಬರಬೇಕಿತ್ತು. ಎರಡು ಗಂಟೆಯೋ, ಮೂರೋ, ಹೇಳುವವರಿಲ್ಲ.

ನನ್ನ ಕೈಲಿದ್ದದ್ದು ರಾಫ್ಟ್. ಪ್ಲಾಂಟಿಗೆ ಫೋನ್ ಮಾಡಿ ಹೊಸ ಲೋಡ್ ನಿಲ್ಲಿಸಿದೆ. 6 ಘನಮೀಟರಿನ ಎರಡು ಗಾಡಿ ಆಗಲೇ ಹೊರಟಿದ್ದವು: ಒಂದು ಹನ್ನೆರಡೂವರೆಗೆ ಲೋಡ್ ಆಗಿದ್ದು, ಇನ್ನೊಂದು ಒಂದಕ್ಕೆ. ರೆಡಿಮಿಕ್ಸ್ ಕಾಂಕ್ರೀಟಿನ ಐಎಸ್ 4926 ಪ್ರಕಾರ ಲೋಡ್ ಆದ ಎರಡು ಗಂಟೆಯೊಳಗೆ ಖಾಲಿ ಆಗಬೇಕು, ರಿಟಾರ್ಡರ್ ಇದ್ದರೆ ಇನ್ನಷ್ಟು ಹೊತ್ತು ಹಿಡಿಯಬಹುದು. ಡ್ರೈವರ್ "ಒಂದೀಟು ನೀರು ಬಿಡೂಣ್ರೀ" ಅಂದ. ಬೇಡವೆಂದೆ. ನೀರು ಬಿಟ್ಟರೆ ಸ್ಲಂಪ್ ಬರುತ್ತದೆ, ಗಟ್ಟಿತನ ಹೋಗುತ್ತದೆ. ಪ್ಲಾಂಟಿನ ಹುಡುಗ ಅಳತೆ ಮಾಡಿ ಅಡ್ಮಿಕ್ಸ್ಚರ್ ಹಾಕಿದ.

ಈಗ ಮುಖ್ಯ ಲೆಕ್ಕ. ಕಾಂಕ್ರೀಟ್ ನಿಂತಿದ್ದ ಮುಖ ಇಳಿಜಾರಾಗಿತ್ತು: 14 ಮೀಟರ್ ಅಗಲ, ಸುಮಾರು 3 ಮೀಟರ್ ಉದ್ದ, ಅಂದರೆ 42 ಚದರ ಮೀಟರ್. ಒಂದು ಗಾಡಿಯ 6 ಘನಮೀಟರನ್ನು ಅದರ ಮೇಲೆ ಹರಡಿದರೆ 14 ಸೆಂ.ಮೀ. ಪದರ ಆಗುತ್ತದೆ. ಗುಂಡಿ ತುಂಬಿಸಲು ಏನೇನೂ ಸಾಲದು, ಆದರೆ ಇಡೀ ಮುಖದ ಮೇಲೆ ಹೊಸ ಕಾಂಕ್ರೀಟ್ ಕೂರಿಸಲು ಸಾಕು. ಅಂಚಿನಿಂದ ಪತ್ರಾ ಇಳಿಸಿ ಚ್ಯೂಟ್ ಮಾಡಿ, ಅದು ಮುಟ್ಟದ ಕಡೆ ಬುಟ್ಟಿಯಲ್ಲಿ ಹೊತ್ತು ಹಾಕಿಸಿದೆವು. ಮೊದಲು ಹಾಕಿದ್ದು ಎಲ್ಲಿದೆಯೋ ಅಲ್ಲಿಂದ ಶುರು, ಯಾಕೆಂದರೆ ಅದೇ ಮೊದಲು ಸಾಯುವುದು. ವೈಬ್ರೇಟರ್ ಹೊಸ ಪದರ ದಾಟಿ ಹಳೆಯದರೊಳಗೂ ಇಳಿಯಬೇಕು, ಇಲ್ಲದಿದ್ದರೆ ಎರಡೂ ಬೇರೆಬೇರೆ ಚಪ್ಪಡಿಗಳಂತೆ ಉಳಿಯುತ್ತವೆ. ಮೊದಲ ಗಾಡಿ ಎರಡೂಕಾಲಕ್ಕೆ, ಎರಡನೆಯದು ಮೂರಕ್ಕೆ ಸ್ವಲ್ಪ ಮುಂಚೆ ಖಾಲಿ.

ಹಳೆಯ ಕಾಂಕ್ರೀಟಿನಲ್ಲಿ ಜೀವ ಇದೆಯೋ ಇಲ್ಲವೋ ತಿಳಿಯಲು ಮೇಸ್ತ್ರಿ ಕಲಿಸಿದ ಪರೀಕ್ಷೆ ಬಹಳ ಸರಳ. ಓಡುತ್ತಿರುವ ವೈಬ್ರೇಟರ್ ನೀಡಲ್ ಅನ್ನು ಒತ್ತದೆ ಇಡಬೇಕು. ತನ್ನ ಭಾರಕ್ಕೇ ಇಳಿದು, ನಿಧಾನ ಎತ್ತಿದಾಗ ತೂತು ತಾನಾಗಿ ಮುಚ್ಚಿದರೆ ಜೋಡಣೆ ಆಗುತ್ತದೆ. ತೂತು ಹಾಗೇ ಉಳಿದರೆ ಹೊತ್ತು ಮೀರಿತು ಅಂತಲೇ. ಗಡಿಯಾರಕ್ಕಿಂತ ಇದನ್ನೇ ನಂಬಿ: ಅದೇ ಮಿಶ್ರಣ ಏಪ್ರಿಲ್‌ನಲ್ಲಿ ಬೇಗ ಬಿಗಿಯುತ್ತದೆ, ಡಿಸೆಂಬರ್ ರಾತ್ರಿಯಲ್ಲಿ ತಡವಾಗಿ. ಅರ್ಧ ಗಂಟೆಗೊಮ್ಮೆ ಸುತ್ತಿ ಬಂದು ಜಾಗ, ಹೊತ್ತು ಬರೆದುಕೊಂಡೆ.

ಅತ್ತ ಆಪರೇಟರ್ ಪೈಪ್ ಬಿಚ್ಚುತ್ತಿದ್ದ. 125 ಮಿ.ಮೀ. ಪೈಪ್ 60 ಮೀಟರ್ ಇದ್ದರೆ ಒಳಗೆ ಮುಕ್ಕಾಲು ಘನಮೀಟರ್ ಕಾಂಕ್ರೀಟ್ ಇರುತ್ತದೆ. ಅದು ಒಳಗೇ ಗಟ್ಟಿಯಾದರೆ ಹೋಸ್ ಬಂದರೂ ಪ್ರಯೋಜನವಿಲ್ಲ. ಕ್ಲಾಂಪ್ ಬಿಚ್ಚುವಾಗ ಪೈಪಿನ ಬಾಯಿಗೆ ಎದುರಾಗಿ ಯಾರನ್ನೂ ನಿಲ್ಲಗೊಡಲಿಲ್ಲ, ಒಳಗೆ ಒತ್ತಡ ಉಳಿದಿದ್ದರೆ ಕಲ್ಲು ಗುಂಡಿನಂತೆ ಬರುತ್ತದೆ. ಹಾಪರ್ ಅಡಿ ಬಾಗಿಲು ತೆಗೆದು ತೊಳೆದೆವು. ತೊಳೆದ ನೀರು ರಾಫ್ಟಿಗೆ ಇಳಿಯದಂತೆ ನೋಡಲು ಒಬ್ಬನನ್ನೇ ನಿಲ್ಲಿಸಿದ್ದೆ.

ಡಿಸೈನರ್ ಅನ್ನೂ ಎಬ್ಬಿಸಿ ಕೇಳಿದ್ದೆ. ಪಂಪ್ ಬರದೇ ಹೋದರೆ ಎಲ್ಲಿ ನಿಲ್ಲಿಸಬೇಕೆಂದು ಅವರು ಹೇಳಿದ ಗೆರೆಯಲ್ಲಿ ಕೋಳಿ ಜಾಲರಿ, ಹಲಗೆ ತಂದು ಇಟ್ಟುಕೊಂಡಿದ್ದೆವು. ಬೇಕಾಗಲಿಲ್ಲ. ನಾಲ್ಕೂಕಾಲಕ್ಕೆ ಪಂಪ್ ಓಡಿತು. ಹೊಸದಾಗಿ ಸಿಮೆಂಟ್ ಸ್ಲರಿ ಬಿಟ್ಟು ಪ್ರೈಮ್ ಮಾಡಿ, ಆ ಸ್ಲರಿಯನ್ನು ಹೊರಗೆ ಚೆಲ್ಲಿಸಿದೆ. ಉಳಿದ 58 ಘನಮೀಟರ್ ಮುಗಿಯುವಷ್ಟರಲ್ಲಿ ಬೆಳಕು ಹರಿದಿತ್ತು.

ಆದರೆ ಎಲ್ಲವೂ ಉಳಿಯಲಿಲ್ಲ. ಚ್ಯೂಟಿಗೆ ದೂರದ ಒಂದು ಮೂಲೆಯಲ್ಲಿ, ಹತ್ತೂವರೆ ಸುಮಾರಿಗೆ ಹಾಕಿದ್ದ ಜಾಗದಲ್ಲಿ, ನೀಡಲ್ ಇಳಿಯಲಿಲ್ಲ. "ಮ್ಯಾಲೆ ಹಾಕಿಬಿಡ್ರಿ, ಯಾರಿಗೆ ಗೊತ್ತಾಗ್ತದ" ಅಂತ ಒಂದು ದನಿ ಬಂತು, ಎಲ್ಲ ಸೈಟಿನಲ್ಲೂ ಬರುತ್ತದೆ. ತಂತಿ ಬ್ರಷ್‌ನಿಂದ ಮೇಲಿನ ಹಾಲುಪೊರೆ ಉಜ್ಜಿ, ಸಡಿಲು ತೆಗೆದು, ಸ್ಲರಿ ಹಚ್ಚಿ ಆಮೇಲೆ ಹಾಕಿಸಿದೆ. ಎರಡು ಮೀಟರ್ ಉದ್ದದ ಆ ಜಾಗವನ್ನು ಪೋರ್ ಕಾರ್ಡ್‌ನಲ್ಲಿ ಗುರುತು ಹಾಕಿ ಬೆಳಿಗ್ಗೆ ಕನ್ಸಲ್ಟೆಂಟ್‌ಗೆ ತೋರಿಸಿದೆ. ಅವರು ಆ ಮೂಲೆಯ ಕೋರ್ ತೆಗೆಸಲು ಹೇಳಿದರು.

ನಿಮ್ಮ ಪಾಳಿಗೆ ಮುಂಚೆ ಎರಡು ಮಾಡಿಕೊಳ್ಳಿ: ಸ್ಟ್ಯಾಂಡ್‌ಬೈ ಪಂಪ್ ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಮುಖದ ಅಗಲ ಅಳೆದು, ಒಂದು ಗಾಡಿ ಎಷ್ಟು ದಪ್ಪ ಬರುತ್ತದೆ ಲೆಕ್ಕ ಹಾಕಿ. ಇಳಿಜಾರು ಅದೇ 3 ಮೀಟರ್ ಇದ್ದು ಅಗಲ 25 ಮೀಟರ್ ಆದರೆ ಪದರ 8 ಸೆಂ.ಮೀ.ಗೆ ಇಳಿಯುತ್ತದೆ, ಆಗ ಒಂದು ಗಾಡಿ ಸಾಲದು. ಮುಖವನ್ನು ಕಿರಿದಾಗಿಟ್ಟುಕೊಂಡು ಮುಂದೆ ಹೋಗುವಂತೆ ಮೇಸ್ತ್ರಿಗೆ ಮೊದಲೇ ಹೇಳಿಡಿ.