ಒಂದೇ ಲೈನ್ ಬಂದ್ ಮಾಡಿ ಕೆಲಸ ಮಾಡುವಾಗ

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಅಡುಗೆಮನೆ ರಿಪೇರಿ ನಡೆದಿದೆ. ಆ ಲೈನಿನ ಎಂಸಿಬಿ ಆಫ್ ಮಾಡಿದರೆ ಸಾಕಾ?

ಉತ್ತರ: ಸಾಲದು. ನಮ್ಮ ಅಕ್ಕನ ಮನೆಯಲ್ಲಿ ಹಾಗೇ ಮಾಡಿದ್ದರು. ಮಿಕ್ಸರ್ ಓಡಲಿಲ್ಲ ಅಂತ ಅತ್ತೆ ಬೋರ್ಡ್ ನೋಡಿದರು, ‘ಟ್ರಿಪ್ ಆಗಿದೆ’ ಅಂದುಕೊಂಡು ಎಂಸಿಬಿ ಎತ್ತಿಬಿಟ್ಟರು. ಒಳಗೆ ವೈರ್ ಬಿಚ್ಚಿಟ್ಟಿತ್ತು. ವೈರಿಂಗ್ ಮಾಡುತ್ತಿದ್ದ ಹುಡುಗ ಆಗಷ್ಟೇ ಚಹಾಕ್ಕೆ ಎದ್ದಿದ್ದ, ಉಳಿದ.

ಅದಕ್ಕೇ ಎಂಸಿಬಿ ಇಳಿಸಿ, ಅದರ ಹಿಡಿಕೆಗೆ ಕೂರುವ ಲಾಕ್ ಹಾಕಿ. ಲಾಕ್ ಸಿಗದಿದ್ದರೆ ಬೋರ್ಡಿನ ಬಾಗಿಲಿಗೇ ಬೀಗ ಹಾಕಿ, ಕೀಲಿ ಕೆಲಸ ಮಾಡುವವನ ಜೇಬಿನಲ್ಲೇ ಇರಲಿ. ಮೇಲೆ ಒಂದು ರಟ್ಟು ಕಟ್ಟಿ: ‘ಅಡುಗೆಮನೆ ಲೈನ್. ವೈರ್ ಬಿಚ್ಚಿದೆ. ಎತ್ತಬೇಡಿ.’ ಕೆಳಗೆ ಅವನ ಹೆಸರು, ಫೋನ್ ನಂಬರ್, ತಾರೀಕು. ರಟ್ಟು ಬರೀ ಹೇಳುತ್ತದೆ, ತಡೆಯುವುದು ಬೀಗ. ಎರಡೂ ಬೇಕು.

ಆಮೇಲೆ ಕರೆಂಟ್ ನಿಜಕ್ಕೂ ಹೋಗಿದೆಯಾ ಅಂತ ಟೆಸ್ಟ್ ಲ್ಯಾಂಪಿನಿಂದ ನೋಡಬೇಕು. ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಹಚ್ಚಿ ನೋಡಿ, ನಂತರ ಬಂದ್ ಮಾಡಿದ ಲೈನಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರೂ ನೋಡಿ, ಮತ್ತೆ ಮೊದಲಿನ ಪ್ಲಗ್ಗಿಗೆ ಹೋಗಿ. ನಡುವೆ ಬಲ್ಬೇ ಸುಟ್ಟಿದ್ದರೆ ಆಗ ಗೊತ್ತಾಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದೆಯಾ? ಅಡುಗೆಮನೆಯ ಲೈಟ್ ಅದರ ಲೈನಿನಲ್ಲಿದ್ದರೆ ಈ ಎಂಸಿಬಿ ಇಳಿಸಿದರೂ ಅಲ್ಲಿ ಕರೆಂಟ್ ಇರುತ್ತದೆ. ಅದರ ಔಟ್‌ಪುಟ್ಟನ್ನೂ ಬೇರೆಯಾಗಿ ಬಂದ್ ಮಾಡಿ, ಅಲ್ಲೂ ರಟ್ಟು ಕಟ್ಟಿಸಿ.